ಮನೆ ಓನರ್ ದುಬೈಯಲ್ಲಿದ್ದರೆ ಬಾಡಿಗೆಯ ತೆರಿಗೆ ಕಟ್ಟಬೇಕಾದವರು ನೀವು

ಮಲ್ಲೇಶ್ವರದಲ್ಲಿ ಎರಡು ಬೆಡ್‌ರೂಮಿನ ಒಂದು ಫ್ಲ್ಯಾಟ್. ಬಾಡಿಗೆ ತಿಂಗಳಿಗೆ ₹40,000. ಓನರ್ ಉಡುಪಿ ಕಡೆಯವರು, ಹತ್ತಾರು ವರ್ಷಗಳಿಂದ ದುಬೈಯಲ್ಲಿ ಕೆಲಸ ಮಾಡುತ್ತಿದ್ದಾರೆ. ಮನೆ ತೋರಿಸಿದ್ದು ಬ್ರೋಕರ್, ಕೀಲಿ ಕೊಟ್ಟಿದ್ದು ಓನರ್‌ರ ತಂದೆ. ಬಾಡಿಗೆಯೂ ಪ್ರತಿ ತಿಂಗಳು 5ನೇ ತಾರೀಕು ಆ ತಂದೆಯ ಖಾತೆಗೇ ಹೋಗುತ್ತದೆ. ಬೆಂಗಳೂರಿನಲ್ಲಿ, ಮಂಗಳೂರಿನಲ್ಲಿ ಇಂಥ ಮನೆಗಳಿಗೆ ಬರವಿಲ್ಲ. ಈ ಏರ್ಪಾಟಿನಲ್ಲಿ ತೆರಿಗೆಯ ಮಾತು ಎಲ್ಲೂ ಬರುವುದಿಲ್ಲ. ಬಂದರೂ "ಅದು ಓನರ್ ನೋಡ್ಕೋತಾರೆ ಬಿಡಿ" ಎಂಬಲ್ಲಿಗೆ ಮುಗಿಯುತ್ತದೆ.

ಆದಾಯ ತೆರಿಗೆ ಕಾಯ್ದೆ ಹೇಳುವುದು ಬೇರೆ. ಓನರ್ ಅನಿವಾಸಿಯಾಗಿದ್ದರೆ ಬಾಡಿಗೆ ಕೊಡುವವರೇ ಅದರಿಂದ ತೆರಿಗೆ ಮುರಿದುಕೊಂಡು ಸರ್ಕಾರಕ್ಕೆ ಕಟ್ಟಬೇಕು. ದರ 30%, ಅದರ ಮೇಲೆ 4% ಸೆಸ್, ಒಟ್ಟು 31.2%. ಮಲ್ಲೇಶ್ವರದ ಈ ಮನೆಗೆ ಲೆಕ್ಕ ಹಾಕಿದರೆ ತಿಂಗಳಿಗೆ ₹12,480 ಸರ್ಕಾರಕ್ಕೆ, ಉಳಿದ ₹27,520 ಓನರ್‌ಗೆ. ಮುರಿಯದೆ ಪೂರ್ತಿ 40,000 ಕೊಟ್ಟುಬಿಟ್ಟರೆ ಇಲಾಖೆ ಆ ತೆರಿಗೆಯನ್ನು ಕೇಳುವುದು ಬಾಡಿಗೆದಾರರನ್ನು. ಅದೂ ಬಡ್ಡಿ ಸಮೇತ.

ಇಲ್ಲಿನ ನಿಜವಾದ ತೊಡಕು ದರ ಜಾಸ್ತಿ ಎಂಬುದಷ್ಟೇ ಅಲ್ಲ. ಓನರ್ ಕಟ್ಟಬೇಕಾದ ಅಸಲಿ ತೆರಿಗೆಗೂ ನೀವು ಮುರಿಯಬೇಕಾದ ಮೊತ್ತಕ್ಕೂ ಬಹಳ ಅಂತರ ಇರುತ್ತದೆ. ಆ ಅಂತರವನ್ನು ಕಡಿಮೆ ಮಾಡುವ ದಾರಿ ಕಾಯ್ದೆಯಲ್ಲೇ ಇದೆ. ಆದರೆ ಅದನ್ನು ಬಾಡಿಗೆ ಶುರುವಾಗುವ ಮೊದಲೇ, ಓನರ್ ಮತ್ತು ಬಾಡಿಗೆದಾರ ಇಬ್ಬರೂ ಸೇರಿ ಹಿಡಿಯಬೇಕು.

ನಾನಿಲ್ಲಿ ಕೊಡುವ ಲೆಕ್ಕ 2025-26ರ ಹಣಕಾಸು ವರ್ಷದ್ದು, ಅಂದರೆ 1961ರ ಕಾಯ್ದೆಯ ಪ್ರಕಾರ. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದಿದೆ. ಅನಿವಾಸಿಗೆ ಕೊಡುವ ಹಣದಿಂದ ತೆರಿಗೆ ಮುರಿಯಬೇಕೆನ್ನುವ ಹಳೆಯ 195ನೇ ಸೆಕ್ಷನ್‌ನ ಜಾಗಕ್ಕೆ 393(2) ಬಂದಿದೆ, ಫಾರಂಗಳ ನಂಬರ್ ಬದಲಾಗಿವೆ. ಬಾಡಿಗೆದಾರರ ಹೊಣೆ ಮಾತ್ರ ಹಾಗೇ ಇದೆ. ಆಡಿಟರ್‌ಗಳ ಬಾಯಲ್ಲಿ ಇನ್ನೂ ಹಳೆಯ ನಂಬರುಗಳೇ ಓಡಾಡುತ್ತಿರುವುದರಿಂದ ಅವನ್ನೇ ಬಳಸಿದ್ದೇನೆ. 2026ರ ಏಪ್ರಿಲ್ ನಂತರದ ಬಾಡಿಗೆಗೆ ಪೋರ್ಟಲ್‌ನಲ್ಲಿ ಹೊಸ ನಂಬರ್ ನೋಡಿಕೊಂಡು ಆರಿಸಿ.

50,000ದ ಮಿತಿ ಇಲ್ಲಿ ನಡೆಯುವುದಿಲ್ಲ

ಬಾಡಿಗೆಯ ಟಿಡಿಎಸ್ ಅಂದ ಕೂಡಲೇ ತುಂಬಾ ಜನಕ್ಕೆ ನೆನಪಾಗುವುದು 50,000 ರೂಪಾಯಿಯ ಮಿತಿ. ಅದು 194-ಐಬಿ ಸೆಕ್ಷನ್. ತಿಂಗಳ ಬಾಡಿಗೆ 50,000 ದಾಟಿದರೆ ಸಂಬಳದಾರರಂಥ ಸಾಮಾನ್ಯ ಬಾಡಿಗೆದಾರರು 2% ಮುರಿಯಬೇಕು. 2024ರ ಅಕ್ಟೋಬರ್‌ಗೆ ಮೊದಲು ಅದು 5% ಇತ್ತು. ವರ್ಷಕ್ಕೊಮ್ಮೆ, ಇಲ್ಲವೇ ಮನೆ ಬಿಡುವಾಗ, ತಮ್ಮ ಪ್ಯಾನ್ ನಂಬರ್ ಹಾಕಿ 26ಕ್ಯೂಸಿ ಎಂಬ ಒಂದೇ ಫಾರಂನಲ್ಲಿ ಕಟ್ಟಿದರೆ ಕೆಲಸ ಮುಗಿಯಿತು.

ಆ ಸೌಲಭ್ಯ ಓನರ್ ಭಾರತದ ನಿವಾಸಿಯಾಗಿದ್ದರೆ ಮಾತ್ರ. ಅನಿವಾಸಿ ಓನರ್‌ಗೆ ಅನ್ವಯಿಸುವ 195ನೇ ಸೆಕ್ಷನ್‌ನಲ್ಲಿ ಕನಿಷ್ಠ ಮಿತಿ ಅನ್ನುವುದೇ ಇಲ್ಲ. ಬಾಡಿಗೆ 40,000 ಇರಲಿ, 8,000 ಇರಲಿ, ಮೊದಲ ರೂಪಾಯಿಯಿಂದಲೇ ಮುರಿಯಬೇಕು. ವರ್ಷಕ್ಕೊಮ್ಮೆ ಅಲ್ಲ, ಬಾಡಿಗೆ ಕೊಟ್ಟಾಗಲೆಲ್ಲ. ಕಟ್ಟಲು ಪ್ಯಾನ್ ಸಾಲದು, ತೆರಿಗೆ ಮುರಿಯುವವರಿಗೆಂದೇ ಇರುವ ಟ್ಯಾನ್ ಎಂಬ ಬೇರೆ ನಂಬರ್ ಬೇಕು. ನಾನು ಕಂಡ ಹಾಗೆ ತುಂಬಾ ಜನ ಎಡವುವುದು ಇಲ್ಲೇ: ಓನರ್ ವಿದೇಶದಲ್ಲಿದ್ದಾರೆ ಎಂದು ಗೊತ್ತಿದ್ದೂ 26ಕ್ಯೂಸಿಯಲ್ಲಿ 2% ಕಟ್ಟಿ ನಿಶ್ಚಿಂತರಾಗಿರುತ್ತಾರೆ. ಕಾನೂನಿನ ಕಣ್ಣಿಗೆ ಅದು ತಪ್ಪು ಸೆಕ್ಷನ್, ಉಳಿದ 29.2% ಬಾಕಿಯೇ.

ಹಾಗಾದರೆ ಓನರ್ ಅನಿವಾಸಿ ಹೌದೋ ಅಲ್ಲವೋ ಎಂದು ತಿಳಿಯುವುದು ಹೇಗೆ? ಪಾಸ್‌ಪೋರ್ಟ್ ನೋಡಿದರೆ ಗೊತ್ತಾಗುವುದಿಲ್ಲ. ಭಾರತದ ಪಾಸ್‌ಪೋರ್ಟ್ ಇದ್ದವರೂ ತೆರಿಗೆ ಲೆಕ್ಕದಲ್ಲಿ ಅನಿವಾಸಿ ಆಗಬಹುದು, ಅಮೆರಿಕದ ಪಾಸ್‌ಪೋರ್ಟ್ ಹಿಡಿದು ವರ್ಷವೆಲ್ಲ ಮೈಸೂರಿನಲ್ಲೇ ಇರುವವರು ನಿವಾಸಿ ಆಗಬಹುದು. ಲೆಕ್ಕಕ್ಕೆ ಬರುವುದು ಆ ಹಣಕಾಸು ವರ್ಷದಲ್ಲಿ ಅವರು ಭಾರತದಲ್ಲಿ ಕಳೆದ ದಿನಗಳು. ಕೆಲಸಕ್ಕೆಂದು ಹೊರಗೆ ಹೋದ ಭಾರತೀಯರಿಗೆ ಮುಖ್ಯ ಗೆರೆ 182 ದಿನ. ಭಾರತದ ಆದಾಯ 15 ಲಕ್ಷ ದಾಟಿದವರಿಗೆ ನಿಯಮ ಸ್ವಲ್ಪ ಬೇರೆ. ಜೂನ್‌ನಲ್ಲಿ ಕಂಪನಿ ಕೆಲಸದ ಮೇಲೆ ಜರ್ಮನಿಗೆ ಹೋದ ಓನರ್ ಮಾರ್ಚ್ ಕೊನೆಯವರೆಗೂ ಅಲ್ಲೇ ಇದ್ದರೆ, ಇಲ್ಲಿದ್ದದ್ದು ಹೆಚ್ಚೆಂದರೆ 91 ದಿನ. ಆ ಇಡೀ ವರ್ಷಕ್ಕೆ ಅವರು ಅನಿವಾಸಿ, ಏಪ್ರಿಲ್-ಮೇ ತಿಂಗಳಲ್ಲಿ ಪಕ್ಕದ ಬೀದಿಯಲ್ಲೇ ಇದ್ದಿದ್ದರೂ ಸಹ.

ಈ ಲೆಕ್ಕ ಬಾಡಿಗೆದಾರರಿಗೆ ಹೊರಗಿನಿಂದ ಕಾಣುವುದಿಲ್ಲ. ಅದಕ್ಕೇ ನೇರವಾಗಿ ಕೇಳಬೇಕು. "ಸರ್, ಈ ವರ್ಷ ನೀವು ರಿಟರ್ನ್ ಹಾಕೋದು ರೆಸಿಡೆಂಟ್ ಅಂತಾನೋ ನಾನ್-ರೆಸಿಡೆಂಟ್ ಅಂತಾನೋ? ಒಂದು ಇಮೇಲ್‌ನಲ್ಲಿ ಬರೆದು ಕಳಿಸಿಬಿಡಿ" ಎಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಆ ಇಮೇಲ್ ಜೋಪಾನವಾಗಿ ಇಟ್ಟುಕೊಳ್ಳಿ, ಪ್ರತಿ ಏಪ್ರಿಲ್‌ನಲ್ಲಿ ಮತ್ತೆ ಕೇಳಿ. ಕಳೆದ ವರ್ಷ ನಿವಾಸಿಯಾಗಿದ್ದವರು ಈ ವರ್ಷವೂ ಹಾಗೇ ಇರಬೇಕೆಂದಿಲ್ಲ.

ಬಾಡಿಗೆ ಓನರ್‌ರ ತಂದೆಯ ಖಾತೆಗೆ ಹೋಗುತ್ತದಲ್ಲ, ತಂದೆ ಇಲ್ಲೇ ಇದ್ದಾರಲ್ಲ ಎಂಬ ವಾದ ನಿಲ್ಲುವುದಿಲ್ಲ. ಮನೆ ಯಾರ ಹೆಸರಿನಲ್ಲಿದೆಯೋ ಬಾಡಿಗೆ ಅವರ ಆದಾಯ. ತಂದೆಯ ಕೈಯಲ್ಲಿ ಪವರ್ ಆಫ್ ಅಟಾರ್ನಿ ಇದ್ದರೂ ಅವರು ಮಗನ ಪರವಾಗಿ ಹಣ ಪಡೆಯುವವರು, ಅಷ್ಟೇ. ಮನೆ ಮಗ ಮತ್ತು ತಾಯಿ ಇಬ್ಬರ ಹೆಸರಿನಲ್ಲೂ ಇದ್ದು, ಕ್ರಯಪತ್ರದಲ್ಲಿ ಯಾರ ಪಾಲು ಎಷ್ಟು ಎಂದು ಸ್ಪಷ್ಟವಿದ್ದರೆ ಬಾಡಿಗೆಯೂ ಹಾಗೇ ಹಂಚಿಹೋಗುತ್ತದೆ. ಅರ್ಧರ್ಧ ಪಾಲಾದರೆ ಮಗನ 20,000ಕ್ಕೆ 31.2%, ಇಲ್ಲೇ ಇರುವ ತಾಯಿಯ 20,000ಕ್ಕೆ ಏನೂ ಇಲ್ಲ. ಅಂಥ ಕಡೆ ಇಬ್ಬರ ಖಾತೆಗೂ ಬೇರೆ ಬೇರೆಯಾಗಿ ಹಣ ಹಾಕುವುದು ಒಳ್ಳೆಯದು.

ಓನರ್‌ರ ಅಸಲಿ ತೆರಿಗೆ ಎಷ್ಟು?

ಈಗ ದುಬೈಯಲ್ಲಿರುವ ಓನರ್‌ರ ಕಡೆಯಿಂದ ನೋಡೋಣ. ವರ್ಷದ ಬಾಡಿಗೆ ₹4,80,000. ಮನೆ ಕಂದಾಯ ₹10,000 ಕಟ್ಟಿದ್ದಾರೆ ಅಂದುಕೊಳ್ಳಿ, ಉಳಿದದ್ದು 4,70,000. ರಿಪೇರಿ ಮತ್ತಿತರ ಖರ್ಚಿಗೆಂದು ಕಾಯ್ದೆಯೇ ಇದರಲ್ಲಿ 30% ಬಿಟ್ಟುಕೊಡುತ್ತದೆ, ಅಂದರೆ 1,41,000. ತೆರಿಗೆಗೆ ಒಳಪಡುವುದು ₹3,29,000. ಹೊಸ ತೆರಿಗೆ ಪದ್ಧತಿಯಲ್ಲಿ 2025-26ಕ್ಕೆ ಮೊದಲ 4 ಲಕ್ಷಕ್ಕೆ ತೆರಿಗೆ ಇಲ್ಲ. ಈ ಮಿತಿ ಅನಿವಾಸಿಗಳಿಗೂ ಸಿಗುತ್ತದೆ. 12 ಲಕ್ಷದವರೆಗೆ ತೆರಿಗೆ ಸೊನ್ನೆ ಮಾಡುವ ರಿಬೇಟ್ ಮಾತ್ರ ಅವರಿಗೆ ಇಲ್ಲ. ಭಾರತದಲ್ಲಿ ಬೇರೆ ಆದಾಯ ಇಲ್ಲದಿದ್ದರೆ ಈ ಓನರ್ ಕಟ್ಟಬೇಕಾದ ತೆರಿಗೆ ಸೊನ್ನೆ.

ಆದರೆ ಬಾಡಿಗೆದಾರರು ವರ್ಷದಲ್ಲಿ ಮುರಿದು ಕಟ್ಟುವುದು ₹1,49,760. ಅಷ್ಟೂ ಹಣವನ್ನು ಓನರ್ ರಿಟರ್ನ್ ಹಾಕಿ ವಾಪಸ್ ಪಡೆಯಬೇಕು. ಮನೆಯ ಮೇಲೆ ಸಾಲ ಇದ್ದು ಬಾಡಿಗೆಯಿಂದಲೇ ಕಂತು ಕಟ್ಟುವವರಿಗೆ ತಿಂಗಳಿಗೆ 12,480 ಕಡಿಮೆ ಬಂದರೆ ಎಷ್ಟು ಕಷ್ಟ! ಓನರ್‌ಗಳು ಸಿಟ್ಟಾಗುವುದು ಸುಮ್ನೆ ಅಲ್ಲ.

ಆಗ ಅವರು ಹೇಳುವ ಮಾತು ಸಾಮಾನ್ಯವಾಗಿ ಹೀಗಿರುತ್ತದೆ: "ನಂಗೆ ತೆರಿಗೇನೇ ಬರಲ್ಲ, ನೀವ್ಯಾಕೆ ಮುರೀತೀರಿ?" ಕೇಳಲು ನ್ಯಾಯವಾಗಿಯೇ ಇದೆ. ಆದರೆ ಅದನ್ನು ತೀರ್ಮಾನಿಸುವ ಅಧಿಕಾರ ಬಾಡಿಗೆದಾರರಿಗಿಲ್ಲ. ಓನರ್‌ಗೆ ಇಲ್ಲಿ ಎಫ್‌ಡಿ ಬಡ್ಡಿ ಎಷ್ಟು ಬರುತ್ತದೆ, ಈ ವರ್ಷ ಸೈಟ್ ಮಾರಿದರೋ ಇಲ್ಲವೋ, ನಿಮಗೇನು ಗೊತ್ತು? ಮುರಿಯುವ ಮೊತ್ತ ಕಡಿಮೆ ಆಗಬೇಕಾದರೆ ಅಧಿಕಾರಿಗೆ ಅರ್ಜಿ ಹಾಕಬೇಕು ಎಂಬುದು 195ನೇ ಸೆಕ್ಷನ್‌ನ ವ್ಯವಸ್ಥೆ. ಸುಪ್ರೀಂ ಕೋರ್ಟ್ 1999ರ ಟ್ರಾನ್ಸ್‌ಮಿಷನ್ ಕಾರ್ಪೊರೇಷನ್ ಆಫ್ ಎ.ಪಿ. ಪ್ರಕರಣದಲ್ಲಿ ಈ ವ್ಯವಸ್ಥೆಯನ್ನು ವಿವರಿಸಿದೆ. ಬ್ಯಾಂಕ್‌ನಲ್ಲಿ ಬಡ್ಡಿಗೆ ಟಿಡಿಎಸ್ ಬೇಡ ಎಂದು ಕೊಡುವ 15ಜಿ ಫಾರಂ ಕೂಡ ಇಲ್ಲಿ ನಡೆಯುವುದಿಲ್ಲ. ಅದು ನಿವಾಸಿಗಳಿಗೆ ಮಾತ್ರ.

ಇನ್ನು ಕೆಲವರು ಎರಡು ದೇಶಗಳ ನಡುವಿನ ತೆರಿಗೆ ಒಪ್ಪಂದದ ಮಾತು ಎತ್ತುತ್ತಾರೆ. ಎನ್‌ಆರ್‌ಇ ಖಾತೆ, ದುಬೈಯ ತೆರಿಗೆ ನಿವಾಸಿ ಸರ್ಟಿಫಿಕೇಟ್ ಎಲ್ಲ ತೋರಿಸುತ್ತಾರೆ. ಬಾಡಿಗೆಯ ವಿಷಯದಲ್ಲಿ ಅದರಿಂದ ಏನೂ ಉಪಯೋಗ ಇಲ್ಲ. ಯುಎಇ ಜೊತೆಗಿನ ಒಪ್ಪಂದವೂ ಸೇರಿ ಈ ಒಪ್ಪಂದಗಳು ಸ್ಥಿರಾಸ್ತಿ ಎಲ್ಲಿದೆಯೋ ಆ ದೇಶಕ್ಕೇ ಅದರ ಆದಾಯದ ಮೇಲೆ ತೆರಿಗೆ ಹಾಕುವ ಹಕ್ಕು ಬಿಟ್ಟುಕೊಟ್ಟಿವೆ. ಮನೆ ಮಲ್ಲೇಶ್ವರದಲ್ಲಿದೆ, ಹಾಗಾಗಿ ತೆರಿಗೆ ಹಾಕುವ ಹಕ್ಕು ಭಾರತದ್ದು.

ಸರಿಯಾದ ದಾರಿ ಕಡಿಮೆ ದರದ ಸರ್ಟಿಫಿಕೇಟ್. ಓನರ್ 197ನೇ ಸೆಕ್ಷನ್ ಅಡಿಯಲ್ಲಿ, ಟ್ರೇಸಸ್ ಎಂಬ ಟಿಡಿಎಸ್ ಪೋರ್ಟಲ್‌ನಲ್ಲಿ ಫಾರಂ 13 ಹಾಕಬೇಕು. ಬಾಡಿಗೆ ಅಗ್ರಿಮೆಂಟ್, ಹಿಂದಿನ ವರ್ಷಗಳ ರಿಟರ್ನ್, ಈ ವರ್ಷ ಎಷ್ಟು ಆದಾಯ ಬರಬಹುದೆಂಬ ಲೆಕ್ಕ, ಇಷ್ಟನ್ನು ಕೊಡಬೇಕು. ಅಧಿಕಾರಿಗೆ ಒಪ್ಪಿಗೆಯಾದರೆ ಇಂತಿಷ್ಟು ಬಾಡಿಗೆಗೆ, ಇಂತಿಷ್ಟು ದರ, ಇಂಥ ತಾರೀಕಿನಿಂದ ಮಾರ್ಚ್ 31ರವರೆಗೆ ಎಂದು ಸರ್ಟಿಫಿಕೇಟ್ ಬರುತ್ತದೆ. ನಮ್ಮ ಲೆಕ್ಕದ ಓನರ್‌ಗೆ ಅದು ಸೊನ್ನೆಯ ದರದಲ್ಲೇ ಸಿಗಬಹುದು.

ಆದರೆ ಇದಕ್ಕೆ ಒಂದು ಕ್ರಮ ಇದೆ, ಅದನ್ನು ತಪ್ಪಿಸಿದರೆ ತಿಂಗಳುಗಳು ಕೈಬಿಡುತ್ತವೆ. ಸರ್ಟಿಫಿಕೇಟ್ ಬರುವುದು ನಿಮ್ಮ ಟ್ಯಾನ್ ನಂಬರಿನ ಮೇಲೆ. ಹಾಗಾಗಿ ಮೊದಲು ನೀವು ಟ್ಯಾನ್ ತೆಗೆಸಬೇಕು, ಆಮೇಲೆ ಓನರ್ ಅರ್ಜಿ ಹಾಕಬೇಕು. ಅದು ಹಿಂದಿನ ತಿಂಗಳುಗಳಿಗೆ ಅನ್ವಯಿಸುವುದಿಲ್ಲ. ಆಗಸ್ಟ್ 20ಕ್ಕೆ ಬಂದ ಸರ್ಟಿಫಿಕೇಟ್ ಏಪ್ರಿಲ್‌ನಿಂದ ಆಗಸ್ಟ್ 5ರವರೆಗೆ ಕೊಟ್ಟ ಬಾಡಿಗೆಗೆ ನಡೆಯುವುದಿಲ್ಲ, ಅವಕ್ಕೆ 31.2% ಆಗಲೇಬೇಕು. ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕಬೇಕು. ಬಾಡಿಗೆದಾರ ಬದಲಾದರೆ ಟ್ಯಾನ್ ಬದಲಾಗುತ್ತದೆ, ಸರ್ಟಿಫಿಕೇಟೂ ಬೇರೆ ಬೇಕು. ದರ ಸೊನ್ನೆ ಬಂದರೂ ನೀವು ಮೂರು ತಿಂಗಳಿಗೊಮ್ಮೆ ಹಾಕಬೇಕಾದ ಟಿಡಿಎಸ್ ರಿಟರ್ನ್ ತಪ್ಪುವುದಿಲ್ಲ. ಅದರಲ್ಲಿ ಸರ್ಟಿಫಿಕೇಟ್ ನಂಬರ್ ನಮೂದಿಸಿ ತೋರಿಸಬೇಕು.

ಮುರಿಯುವುದು, ಕಟ್ಟುವುದು

ಟ್ಯಾನ್‌ಗೆ 49ಬಿ ಅರ್ಜಿ. ಪ್ರೋಟಿಯನ್ ಸಂಸ್ಥೆಯ, ಅಂದರೆ ಹಿಂದಿನ ಎನ್‌ಎಸ್‌ಡಿಎಲ್‌ನ ವೆಬ್‌ಸೈಟ್‌ನಲ್ಲಿ ಹಾಕಬಹುದು. ಟ್ಯಾನ್ ಬಂದ ಮೇಲೆ ಅದನ್ನು incometax.gov.in ತಾಣದಲ್ಲಿ ನೋಂದಾಯಿಸಬೇಕು, ಟ್ರೇಸಸ್‌ನಲ್ಲಿ ಇನ್ನೊಂದು ಸಲ. ಓನರ್‌ರ ಪ್ಯಾನ್, ವಿದೇಶದ ವಿಳಾಸ, ಇಮೇಲ್, ಫೋನ್ ನಂಬರ್ ಈಗಲೇ ತೆಗೆದಿಟ್ಟುಕೊಳ್ಳಿ, ರಿಟರ್ನ್‌ನಲ್ಲಿ ಬೇಕಾಗುತ್ತವೆ. ಬಾಡಿಗೆ ಹಾಕಲು ಅವರ ಎನ್‌ಆರ್‌ಒ ಖಾತೆಯ, ಅಂದರೆ ಅನಿವಾಸಿಗಳು ಇಲ್ಲಿನ ಆದಾಯಕ್ಕೆಂದು ಇಡುವ ರೂಪಾಯಿ ಖಾತೆಯ ವಿವರವನ್ನೂ ಕೇಳಿ.

ಜೂನ್ ತಿಂಗಳನ್ನೇ ತೆಗೆದುಕೊಳ್ಳೋಣ. ಜೂನ್ 5ಕ್ಕೆ ಓನರ್ ಖಾತೆಗೆ ₹27,520 ಹಾಕಿದಿರಿ. ₹12,480 ನಿಮ್ಮಲ್ಲಿ ಉಳಿಯಿತು. ಅದನ್ನು ಜುಲೈ 7ರೊಳಗೆ ಕಟ್ಟಬೇಕು. ಪ್ರತಿ ತಿಂಗಳ ಕಡಿತಕ್ಕೂ ಮುಂದಿನ ತಿಂಗಳ 7ನೇ ತಾರೀಕು ಗಡುವು, ಮಾರ್ಚ್ ತಿಂಗಳದಕ್ಕೆ ಮಾತ್ರ ಏಪ್ರಿಲ್ 30. ಆದಾಯ ತೆರಿಗೆ ತಾಣದಲ್ಲಿ ಟ್ಯಾನ್‌ನಿಂದ ಲಾಗಿನ್ ಆಗಿ e-Pay Tax ಆರಿಸಿ, 281 ನಂಬರಿನ ಚಲನ್ ತೆಗೆಯಿರಿ. ಇಲ್ಲಿ ಮೂರು ಕಡೆ ಕೈತಪ್ಪುತ್ತದೆ. ಮೊದಲನೆಯದು Non-Company Deductees. ಇದು ತೆರಿಗೆ ಯಾರಿಂದ ಮುರಿದಿರೋ ಅವರ ಬಗ್ಗೆ. ಓನರ್ ಒಬ್ಬ ವ್ಯಕ್ತಿ, ಕಂಪನಿ ಅಲ್ಲ. ಎರಡನೆಯದು ಸೆಕ್ಷನ್ ಕೋಡ್: 195. ಮೂರನೆಯದು ವರ್ಷ. 2025-26ರಲ್ಲಿ ಮುರಿದ ತೆರಿಗೆಗೆ ಅಸೆಸ್‌ಮೆಂಟ್ ವರ್ಷ 2026-27. ಇದರಲ್ಲಿ ಒಂದು ತಪ್ಪಿದರೂ ನೀವು ಕಟ್ಟಿದ ಹಣ ಸರ್ಕಾರದಲ್ಲಿರುತ್ತದೆ, ಆದರೆ ನಿಮ್ಮ ರಿಟರ್ನ್‌ಗೆ ಹೊಂದುವುದಿಲ್ಲ.

ಹಣ ಕಟ್ಟಿದ ಮೇಲೆ ಸಿಗುವ ಚಲನ್‌ನಲ್ಲಿ ಬ್ಯಾಂಕ್ ಶಾಖೆಯ ಬಿಎಸ್‌ಆರ್ ಕೋಡ್, ತಾರೀಕು, ಚಲನ್ ನಂಬರ್ ಇರುತ್ತವೆ. ಮೂರು ತಿಂಗಳಿಗೊಮ್ಮೆ ಹಾಕುವ 27ಕ್ಯೂ ರಿಟರ್ನ್‌ನಲ್ಲಿ ಇವನ್ನೇ ತುಂಬಬೇಕು. ಯಾವ ಚಲನ್‌ನ ಹಣ ಯಾರ ಪ್ಯಾನ್‌ಗೆ ಸೇರಬೇಕು ಎಂದು ಇಲಾಖೆಗೆ ತಿಳಿಯುವುದು ಈ ರಿಟರ್ನ್‌ನಿಂದ. ಚಲನ್ ಕಟ್ಟಿ ಸುಮ್ಮನಾದರೆ ಓನರ್‌ರ ಪ್ಯಾನ್‌ಗೆ ಜಮೆಯಾದ ತೆರಿಗೆ ತೋರಿಸುವ 26ಎಎಸ್‌ನಲ್ಲಿ ಒಂದು ಪೈಸೆಯೂ ಕಾಣುವುದಿಲ್ಲ. ಹಣ ಮುರಿದದ್ದು ನಿಜ, ಕಟ್ಟಿದ್ದೂ ನಿಜ, ಆದರೂ ಓನರ್‌ಗೆ ರಿಫಂಡ್ ಸಿಗುವುದಿಲ್ಲ. ಬಾಡಿಗೆದಾರ ಮತ್ತು ಓನರ್ ನಡುವೆ ಮಾತು ಕೆಡುವುದು ಬಹಳ ಸಲ ಈ ಒಂದು ಕಾರಣಕ್ಕೆ.

27ಕ್ಯೂ ಗಡುವು ಜುಲೈ 31, ಅಕ್ಟೋಬರ್ 31, ಜನವರಿ 31 ಮತ್ತು ಮೇ 31. ಇಲಾಖೆ ಉಚಿತವಾಗಿ ಕೊಡುವ ಸಾಫ್ಟ್‌ವೇರ್‌ನಲ್ಲಿ ಫೈಲ್ ತಯಾರಿಸಿ ಅಪ್‌ಲೋಡ್ ಮಾಡಬೇಕು. ಒಬ್ಬ ಓನರ್, ಮೂರು ಚಲನ್ ಇರುವ ರಿಟರ್ನ್ ದೊಡ್ಡದೇನಲ್ಲ. ಆದರೂ ಆ ಸಾಫ್ಟ್‌ವೇರ್ ಮೊದಲ ಸಲ ಬಳಸುವವರಿಗೆ ತಲೆಬಿಸಿಯೇ. ಮೊದಲ ರಿಟರ್ನ್ ಆಡಿಟರ್ ಕೈಯಲ್ಲಿ ಮಾಡಿಸಿ, ಅದನ್ನು ನೋಡಿಕೊಂಡು ಮುಂದಿನವನ್ನು ನೀವೇ ಮಾಡಬಹುದು. ರಿಟರ್ನ್ ಒಪ್ಪಿಗೆಯಾದ ಮೇಲೆ ಟ್ರೇಸಸ್‌ನಿಂದ 16ಎ ಸರ್ಟಿಫಿಕೇಟ್ ಇಳಿಸಿ ಓನರ್‌ಗೆ ಕಳಿಸಬೇಕು, ರಿಟರ್ನ್ ಗಡುವಿನಿಂದ 15 ದಿನದೊಳಗೆ.

ಅನಿವಾಸಿಗೆ ಹಣ ಕೊಟ್ಟದ್ದನ್ನು ಇಲಾಖೆಗೆ ತಿಳಿಸುವ 15ಸಿಎ ಫಾರಂ ಬಗ್ಗೆ ಒಂದು ಮಾತು. ಇಲ್ಲಿನ ಎನ್‌ಆರ್‌ಒ ಖಾತೆಗೆ ರೂಪಾಯಿ ಹಾಕುವಾಗ ಬ್ಯಾಂಕ್ ಇದನ್ನು ಕೇಳುವುದಿಲ್ಲ, ಹಾಗಾಗಿ ಬೇಡ ಅಂದುಕೊಳ್ಳುವವರೇ ಜಾಸ್ತಿ. ಕಾಯ್ದೆಯ ಮಾತು ಮಾತ್ರ ಅನಿವಾಸಿಗೆ ಹಣ ಕೊಡುವವರು ಮಾಹಿತಿ ಕೊಡಬೇಕು ಎಂದಿದೆ. ತೆರಿಗೆಗೆ ಒಳಪಡುವ ಪಾವತಿ ವರ್ಷಕ್ಕೆ 5 ಲಕ್ಷದ ಒಳಗಿದ್ದರೆ ಅದರ ಭಾಗ ಎ ಮಾತ್ರ ಸಾಕು, ಆಡಿಟರ್ ಸರ್ಟಿಫಿಕೇಟ್ ಬೇಡ. ನಮ್ಮ 4,80,000 ಅದರೊಳಗೇ ಇದೆ. ಕೆಲವೇ ನಿಮಿಷದ ಕೆಲಸ, ಮಾಡಿಬಿಡುವುದು ವಾಸಿ ಎಂಬುದು ನನ್ನ ಅಭಿಪ್ರಾಯ.

ತಡವಾದರೆ ಏನಾಗುತ್ತದೆ? ಜೂನ್ 5ಕ್ಕೆ ಮುರಿದ ಹಣವನ್ನು ಜುಲೈ 7ರ ಬದಲು 8ಕ್ಕೆ ಕಟ್ಟಿದಿರಿ ಅನ್ನಿ. ತಡವಾಗಿದ್ದು ಒಂದು ದಿನ. ಬಡ್ಡಿ ಮಾತ್ರ ಮುರಿದ ದಿನದಿಂದ ಲೆಕ್ಕ, ತಿಂಗಳ ಒಂದು ಚೂರು ಸೇರಿದರೂ ಪೂರ್ತಿ ತಿಂಗಳು. ದರ ತಿಂಗಳಿಗೆ 1.5%. ಎರಡು ತಿಂಗಳಿಗೆ 3%, ಅಂದರೆ ಸುಮಾರು ₹374. 27ಕ್ಯೂ ತಡವಾದರೆ ದಿನಕ್ಕೆ ₹200 ಶುಲ್ಕ ಬೇರೆ. ಅದು ಆ ತ್ರೈಮಾಸಿಕದ ಟಿಡಿಎಸ್ ಮೊತ್ತವನ್ನು ಮೀರುವಂತಿಲ್ಲ. ನಮ್ಮ ಲೆಕ್ಕದಲ್ಲಿ ಮೂರು ತಿಂಗಳ ಟಿಡಿಎಸ್ ₹37,440. ಆರು ತಿಂಗಳು ಮರೆತರೆ ಶುಲ್ಕ ಅದರ ಹತ್ತಿರಕ್ಕೆ ಬಂದು ನಿಲ್ಲುತ್ತದೆ. ಓನರ್‌ರಿಂದ ಮುರಿದ ತೆರಿಗೆಯಷ್ಟೇ ಹಣ ನಿಮ್ಮ ಕೈಯಿಂದ!

ಇದೆಲ್ಲ ಒಬ್ಬ ಸಂಬಳದಾರರ ಮೇಲೆ ಹೊರಿಸುವಷ್ಟು ಕೆಲಸವೇ? ಅಲ್ಲ ಅನ್ನುವುದು ನನ್ನ ಖಚಿತ ನಿಲುವು. ಕಂಪನಿಗೆ ಲೆಕ್ಕ ನೋಡುವವರಿರುತ್ತಾರೆ, ಮನೆಗೆ ಇರುವುದಿಲ್ಲ. 2026ರ ಬಜೆಟ್‌ನಲ್ಲಿ ಸರ್ಕಾರ ಈ ಮಾತನ್ನು ಅರ್ಧ ಒಪ್ಪಿದೆ. ಅನಿವಾಸಿಯಿಂದ ಮನೆ ಕೊಳ್ಳುವ ಇಲ್ಲಿನ ನಿವಾಸಿಗಳು ಟ್ಯಾನ್ ಇಲ್ಲದೆ, ತಮ್ಮ ಪ್ಯಾನ್ ಮೇಲೆಯೇ ಟಿಡಿಎಸ್ ಕಟ್ಟಲು ದಾರಿ ಮಾಡುವ ಪ್ರಸ್ತಾವ ಅದರಲ್ಲಿತ್ತು. ಬದುಕಿನಲ್ಲಿ ಒಂದೆರಡು ಸಲ ಮನೆ ಕೊಳ್ಳುವವರಿಗೆ ಕೊಟ್ಟ ಈ ಸೌಲಭ್ಯ ತಿಂಗಳು ತಿಂಗಳೂ ಬಾಡಿಗೆ ಕಟ್ಟುವವರಿಗೆ ಇನ್ನೂ ಜಾಸ್ತಿ ಬೇಕಿತ್ತು, ಅಲ್ವಾ? ಬಾಡಿಗೆಯನ್ನು ಆ ಪ್ರಸ್ತಾವದಲ್ಲಿ ಸೇರಿಸಲಿಲ್ಲ. 26ಕ್ಯೂಸಿಯಂಥ ಒಂದು ಫಾರಂ ಅನಿವಾಸಿ ಓನರ್‌ಗೂ ಬಂದರೆ, ಕಾಯ್ದೆಯನ್ನು ಪಾಲಿಸುವ ಬಾಡಿಗೆದಾರರು ಹೆಚ್ಚುತ್ತಾರೆ. ಸರ್ಕಾರಕ್ಕೂ ನಷ್ಟವಿಲ್ಲ.

ಅಗ್ರಿಮೆಂಟ್‌ನಲ್ಲಿ ಬರೆಸಬೇಕಾದದ್ದು

ಬೆಂಗಳೂರಿನ ಬಾಡಿಗೆ ಅಗ್ರಿಮೆಂಟ್‌ಗಳಲ್ಲಿ ಬಣ್ಣ ಬಳಿಸುವ ಖರ್ಚಿಗೆ ಒಂದು ಷರತ್ತು ಇರುತ್ತದೆ, ಟಿಡಿಎಸ್‌ಗೆ ಇರುವುದಿಲ್ಲ. "ಬಾಡಿಗೆ ₹40,000, ಕಾಯ್ದೆಯ ಪ್ರಕಾರ ತೆರಿಗೆ ಕಳೆದು ಕೊಡತಕ್ಕದ್ದು" ಎಂಬ ಒಂದು ಸಾಲು ಸಾಕು. ಇದರ ಬದಲು ಓನರ್ "ಕೈಗೆ 40,000 ಬರಬೇಕು, ತೆರಿಗೆ ಬಾಡಿಗೆದಾರರದ್ದು" ಎಂದು ಬರೆಸಿದರೆ ಲೆಕ್ಕವೇ ಬದಲಾಗುತ್ತದೆ. ಆಗ 31.2% ಕಳೆದ ಮೇಲೆ 40,000 ಉಳಿಯುವಂತೆ ಬಾಡಿಗೆಯನ್ನು ಹಿಂದಿನಿಂದ ಲೆಕ್ಕ ಹಾಕಬೇಕು. 40,000 ಅನ್ನು 0.688ರಿಂದ ಭಾಗಿಸಿದರೆ ಬಾಡಿಗೆ ಸುಮಾರು ₹58,140, ನಿಮ್ಮ ತಲೆಗೆ ಬರುವ ತೆರಿಗೆ ಸುಮಾರು ₹18,140. ಇಂಥ ಷರತ್ತಿಗೆ ಸಹಿ ಹಾಕುವ ಮೊದಲು ಬೇರೆ ಮನೆ ನೋಡುವುದೇ ಮೇಲು.

ಅಡ್ವಾನ್ಸ್ ವಿಷಯ. ವಾಪಸ್ ಬರುವ ಅಡ್ವಾನ್ಸ್ ಓನರ್‌ರ ಆದಾಯ ಅಲ್ಲ, ಅದರಿಂದ ಏನೂ ಮುರಿಯಬೇಕಿಲ್ಲ. ಆದರೆ ಮನೆ ಬಿಡುವಾಗ "ಕೊನೆ ಎರಡು ತಿಂಗಳ ಬಾಡಿಗೆ ಅಡ್ವಾನ್ಸ್‌ನಲ್ಲಿ ಹಿಡ್ಕೊಳ್ಳಿ" ಎಂದರೆ ಅದು ಬಾಡಿಗೆ ಕೊಟ್ಟಂತೆಯೇ. ಆ ಎರಡು ತಿಂಗಳಿಗೂ ತಲಾ 12,480 ಕಟ್ಟಬೇಕು. ಕೈಯಿಂದ ಹಣ ಹೋಗದ ಕಾರಣ ಇದು ಸುಲಭವಾಗಿ ಮರೆತುಹೋಗುತ್ತದೆ. ಹಾಗಾಗಿ ಅಡ್ವಾನ್ಸ್‌ನಲ್ಲಿ ಹಿಡಿಯಬೇಕಾದದ್ದು ₹80,000 ಅಲ್ಲ, ತೆರಿಗೆ ಕಳೆದ ₹55,040.

ಎಚ್‌ಆರ್‌ಎ ಬಗ್ಗೆಯೂ ತುಂಬಾ ಜನ ಕೇಳುತ್ತಾರೆ. ಹಳೆಯ ಪದ್ಧತಿಯಲ್ಲಿರುವವರು ಕ್ಲೇಮ್ ಮಾಡುವಾಗ ಬಾಡಿಗೆ ಎಂದು ತೋರಿಸಬೇಕಾದದ್ದು ಪೂರ್ತಿ 40,000. ಸರ್ಕಾರಕ್ಕೆ ಕಟ್ಟಿದ 12,480 ಕೂಡ ನೀವು ಓನರ್ ಪರವಾಗಿ ಕೊಟ್ಟ ಬಾಡಿಗೆಯೇ. ವರ್ಷದ ಬಾಡಿಗೆ 1 ಲಕ್ಷ ದಾಟಿದರೆ ಕಂಪನಿಗೆ ಓನರ್‌ರ ಪ್ಯಾನ್ ಕೊಡಬೇಕಲ್ಲ, ಆ ಪ್ಯಾನ್ ಅನಿವಾಸಿಯದ್ದು ಎಂಬುದು ಇಲಾಖೆಗೆ ಗೊತ್ತಿರುತ್ತದೆ. ಟಿಡಿಎಸ್ ಮುರಿಯದೆ ಎಚ್‌ಆರ್‌ಎ ಪಡೆದವರು ತಾವೇ ಆ ಮಾಹಿತಿ ಕೊಟ್ಟಂತಾಗುತ್ತದೆ.

ಇಲ್ಲಿಯವರೆಗೆ ಮುರಿಯದೇ ಇದ್ದವರಿಗೆ

2025-26 ಪೂರ್ತಿ ಪ್ರತಿ ತಿಂಗಳು 5ಕ್ಕೆ 40,000 ಕೊಟ್ಟಿದ್ದೀರಿ, ಏನೂ ಮುರಿದಿಲ್ಲ. ಕಾಯ್ದೆಯ ಪ್ರಕಾರ ನಿಮ್ಮಿಂದ ಕೇಳಬಹುದಾದ ತೆರಿಗೆ ₹1,49,760. ಇದಕ್ಕೆ ತಿಂಗಳಿಗೆ 1% ಬಡ್ಡಿ. ಜೊತೆಗೆ ಅಷ್ಟೇ ಮೊತ್ತದ ದಂಡ ಹಾಕುವ ಅಧಿಕಾರವೂ ಇಲಾಖೆಗಿದೆ, ಸಕಾರಣ ಇದ್ದರೆ ಅದನ್ನು ಬಿಡಲೂಬಹುದು.

ಒಂದು ಪರಿಹಾರ ಇದೆ. ಓನರ್ ತಮ್ಮ ರಿಟರ್ನ್‌ನಲ್ಲಿ ಈ ಬಾಡಿಗೆಯನ್ನು ತೋರಿಸಿ, ಅದರ ಮೇಲೆ ಬರುವ ತೆರಿಗೆ ಇದ್ದರೆ ಕಟ್ಟಿದ್ದಾರೆಂದು ಆಡಿಟರ್ ಒಬ್ಬರು 26ಎ ಎಂಬ ಫಾರಂನಲ್ಲಿ ದೃಢೀಕರಿಸಿದರೆ, ಅಸಲು ತೆರಿಗೆಯನ್ನು ನಿಮ್ಮಿಂದ ವಸೂಲಿ ಮಾಡುವುದಿಲ್ಲ. ಮೊದಲು ಇದು ನಿವಾಸಿ ಓನರ್‌ಗಳ ವಿಷಯದಲ್ಲಿ ಮಾತ್ರ ಇತ್ತು. 2019ರ ಸೆಪ್ಟೆಂಬರ್ 1ರಿಂದ ಅನಿವಾಸಿಗಳಿಗೂ ಬಂದಿದೆ. ಬಡ್ಡಿ ಮಾತ್ರ ತಪ್ಪುವುದಿಲ್ಲ. ಮುರಿಯಬೇಕಿದ್ದ ದಿನದಿಂದ ಓನರ್ ರಿಟರ್ನ್ ಹಾಕಿದ ದಿನದವರೆಗೆ ಅದನ್ನು ಲೆಕ್ಕ ಹಾಕುತ್ತಾರೆ. ಓನರ್ 2026ರ ಜುಲೈ 20ಕ್ಕೆ ರಿಟರ್ನ್ ಹಾಕಿದರೆ ಏಪ್ರಿಲ್ ಬಾಡಿಗೆಗೆ 16 ತಿಂಗಳು, ಮೇ ಬಾಡಿಗೆಗೆ 15, ಹೀಗೆ ಇಳಿಯುತ್ತಾ ಮಾರ್ಚ್ ಬಾಡಿಗೆಗೆ 5 ತಿಂಗಳು. ಎಲ್ಲ ಕೂಡಿದರೆ 126 ತಿಂಗಳು, ತಿಂಗಳಿಗೆ ₹124.80ರಂತೆ ಸುಮಾರು ₹15,725. ಒಂದೂವರೆ ಲಕ್ಷಕ್ಕೆ ಹೋಲಿಸಿದರೆ ಸಣ್ಣದೇ. ಆದರೆ ಈ ದಾರಿಯ ಕೀಲಿ ಓನರ್ ಕೈಯಲ್ಲಿದೆ. ಅವರು ರಿಟರ್ನ್ ಹಾಕದಿದ್ದರೆ, ಅಥವಾ ಬಾಡಿಗೆ ತೋರಿಸದಿದ್ದರೆ, 26ಎ ಸಿಗುವುದಿಲ್ಲ. ಮನೆ ಬಿಟ್ಟು ಅಡ್ವಾನ್ಸ್ ವಾಪಸ್ ಪಡೆದ ಮೇಲೆ ಅವರು ನಿಮ್ಮ ಫೋನ್ ಎತ್ತುತ್ತಾರೆಂಬ ಖಾತ್ರಿಯೂ ಇಲ್ಲ. ಹಳೆಯ ವರ್ಷಗಳ ಬಾಕಿ ಇದ್ದವರು ಬಾಡಿಗೆ ಇನ್ನೂ ನಡೆಯುತ್ತಿರುವಾಗಲೇ ಓನರ್‌ರ ರಿಟರ್ನ್ ಪ್ರತಿ, ತೆರಿಗೆ ಕಟ್ಟಿದ ಚಲನ್ ಮತ್ತು ಅವರ ಆಡಿಟರ್‌ರ 26ಎ, ಈ ಮೂರನ್ನೂ ಕೇಳಿ ಪಡೆಯಿರಿ. ಈ ತಿಂಗಳ ಬಾಡಿಗೆಯಿಂದ ಟ್ಯಾನ್ ತೆಗೆಸಿ ಮುರಿಯಲು ಶುರು ಮಾಡಿ.